ಮಲ್ಪೆ ರಸ್ತೆಯ ಬಿಸಿಲಿಗೆ ಯಾವ ಕನ್ನಡಕ? ಎರಡನ್ನೂ ಬಳಸಿ ನೋಡಿದ ಮೇಲೆ

ಎರಡು ವರ್ಷದಿಂದ ಬಿಸಿಲಿಗೆ ಕಪ್ಪಾಗುವ ಫೋಟೋಕ್ರೋಮಿಕ್ ಲೆನ್ಸ್ ಹಾಕುತ್ತಿದ್ದೇನೆ. ಒಂದು ವರ್ಷದಿಂದ ಪವರ್ ಇರುವ ಕೂಲಿಂಗ್ ಗ್ಲಾಸೂ ಬ್ಯಾಗಿನಲ್ಲಿದೆ. ನನ್ನದು ದೂರದ ಪವರ್, ಕನ್ನಡಕ ತೆಗೆದರೆ ಎದುರಿನ ಬಸ್ಸಿನ ಬೋರ್ಡ್ ಓದಲು ಆಗುವುದಿಲ್ಲ.

ನಡೆದು ಓಡಾಡುವಾಗ ಫೋಟೋಕ್ರೋಮಿಕ್ ನನಗೆ ತುಂಬಾ ಇಷ್ಟ. ಮಧ್ಯಾಹ್ನ ಊಟ ಮುಗಿಸಿ ಉಡುಪಿ ರಥಬೀದಿ ಕಡೆ ಹೊರಟರೆ ಅರ್ಧ ನಿಮಿಷದಲ್ಲಿ ಕಣ್ಣು ತಂಪಾಗುತ್ತದೆ. ಅಂಗಡಿ ಹೊಕ್ಕರೆ ಮೊದಲು ಸ್ವಲ್ಪ ಮಬ್ಬು, ಬಿಲ್ ಕೊಟ್ಟು ಹೊರಡುವಷ್ಟರಲ್ಲಿ ಬಹುಪಾಲು ತಿಳಿಯಾಗಿರುತ್ತದೆ. ಬಾಕ್ಸ್ ತೆಗೆ, ಬದಲಿಸು ಅನ್ನುವ ರಗಳೆ ಇಲ್ಲ.

ಆದರೆ ನನಗೆ ಬಿಸಿಲು ನಿಜವಾಗಿ ಕಾಡುವುದು ಸ್ಕೂಟರ್ ಮೇಲೆ. ಮನೆ ಮಲ್ಪೆಯಲ್ಲಿ, ಕೆಲಸ ಉಡುಪಿಯಲ್ಲಿ. ಬೆಳಿಗ್ಗೆ ಪೂರ್ವಕ್ಕೆ ಹೋಗಬೇಕು, ಸಂಜೆ ಪಶ್ಚಿಮಕ್ಕೆ ಬರಬೇಕು. ಎರಡು ಹೊತ್ತೂ ಸೂರ್ಯ ನೇರ ಮುಖಕ್ಕೇ. ಆದಿಉಡುಪಿ ದಾಟಿದ ಮೇಲೆ ಮೀನಿನ ಲಾರಿಗಳಿಂದ ಸೋರಿದ ನೀರು ರಸ್ತೆ ಮೇಲೆ ಫಳಫಳ ಹೊಳೆಯುತ್ತದೆ. ಅಂಥ ಹೊತ್ತಲ್ಲಿ ಈ ದುಬಾರಿ ಲೆನ್ಸ್ ಹೆಚ್ಚುಕಮ್ಮಿ ಬಿಳಿಯಾಗಿಯೇ ಇರುತ್ತದೆ! ಕಣ್ಣು ಕಿರಿದು ಮಾಡಿಕೊಂಡು ಓಡಿಸಬೇಕು. ನನಗೆ ಸಿಟ್ಟು ಬಂದದ್ದು ಇದಕ್ಕೇ.

ಕಾರಣ ಹೆಲ್ಮೆಟ್ಟಿನಲ್ಲಿದೆ. ಈ ಲೆನ್ಸ್ ಕಪ್ಪಾಗುವುದು ಬೆಳಕಿಗಲ್ಲ, ಬಿಸಿಲಿನಲ್ಲಿರುವ ಯುವಿ ಕಿರಣಕ್ಕೆ. ಹೆಲ್ಮೆಟ್ಟಿನ ಮುಂದಿನ ಗ್ಲಾಸು ಸಾಮಾನ್ಯವಾಗಿ ಪಾಲಿಕಾರ್ಬೊನೇಟ್. ಅದು ಯುವಿಯನ್ನು ಬಹುಪಾಲು ತಡೆದುಬಿಡುತ್ತದೆ. ಬೆಳಕು ಕಣ್ಣಿಗೆ ಬರುತ್ತದೆ, ಲೆನ್ಸ್‌ಗೆ ಬೇಕಾದ್ದು ಬರುವುದಿಲ್ಲ. ಕಾರಿನ ಮುಂದಿನ ಗಾಜಿನದೂ ಇದೇ ಕಥೆ. ಅದರ ನಡುವೆ ಇರುವ ಪ್ಲಾಸ್ಟಿಕ್ ಪದರ ಯುವಿಯನ್ನು ನುಂಗುತ್ತದೆ. ಸಾಲದ್ದಕ್ಕೆ, ಸಂಜೆ ಸೂರ್ಯ ಕೆಳಗಿಳಿದಾಗ ಬಿಸಿಲಿನಲ್ಲಿ ಯುವಿಯೇ ಕಡಿಮೆ, ಕಣ್ಣಿಗೆ ಹೊಡೆಯುವ ಬೆಳಕು ಮಾತ್ರ ಜಾಸ್ತಿ. ಹಾಗಾಗಿ ಗ್ಲಾಸು ಮೇಲೆತ್ತಿಕೊಂಡು ಓಡಿಸಿದರೂ ಐದು ಗಂಟೆ ಮೇಲೆ ದೊಡ್ಡ ಲಾಭವಿಲ್ಲ. ಧೂಳು ಕಣ್ಣಿಗೆ ಬೀಳುವುದು ಬೇರೆ.

ನಿಮ್ಮ ಹೆಲ್ಮೆಟ್ ಹೇಗೆ ಅಂತ ಮನೆಯಲ್ಲೇ ನೋಡಬಹುದು. ಮಧ್ಯಾಹ್ನ ಕನ್ನಡಕವನ್ನು ಅಂಗಳದಲ್ಲಿಡಿ. ಒಂದು ಲೆನ್ಸ್ ಮಾತ್ರ ಹೆಲ್ಮೆಟ್ ಗ್ಲಾಸಿನ ಅಡಿಯಲ್ಲಿರಲಿ. ಒಂದು ನಿಮಿಷ ಬಿಟ್ಟು ಎರಡನ್ನೂ ಬಿಳಿ ಕಾಗದದ ಮೇಲೆ ಹಿಡಿದು ನೋಡಿ. ನನ್ನದರಲ್ಲಿ ಹೊರಗಿದ್ದದ್ದು ಚೆನ್ನಾಗಿ ಕಪ್ಪಾಗಿತ್ತು, ಅಡಿಯಲ್ಲಿದ್ದದ್ದು ಲೈಟಾಗಿ ಹೊಗೆ ಬಣ್ಣ ಅಷ್ಟೇ. ಲೆನ್ಸಿನ ದುಡ್ಡು ಕೊಡುವ ಮೊದಲು ಕನ್ನಡಕದ ಅಂಗಡಿಯವರ ಬಳಿ ಒಂದು ಸ್ಯಾಂಪಲ್ ಕೇಳಿ, ನಿಮ್ಮದೇ ಹೆಲ್ಮೆಟ್ ಹಿಡಿದು ಬಿಸಿಲಲ್ಲಿ ನೋಡುವುದು ಒಳ್ಳೆಯದು. ನನಗೆ ಲೆನ್ಸ್ ಕೊಟ್ಟ ಅಂಗಡಿಯಲ್ಲಿ ಈ ವಿಷಯ ಯಾರೂ ಬಾಯಿಬಿಟ್ಟಿರಲಿಲ್ಲ. ಸ್ಕೂಟರಿನಲ್ಲಿ ಹೋಗುತ್ತೇನೆ ಅಂತ ಹೇಳಿದ ಮೇಲೂ!

ಇನ್ನೊಂದು ವಿಷಯ ಸೆಕೆ. ಯುವಿ ಬಿದ್ದಾಗ ಲೆನ್ಸಿನ ಬಣ್ಣದ ಅಣು ಬಿಚ್ಚಿಕೊಂಡು ಕಪ್ಪಾಗುತ್ತದೆ, ಶಾಖ ಅದನ್ನು ಮತ್ತೆ ಮಡಚಿಸುತ್ತದೆ. ಹಾಗಾಗಿ ಚಳಿ ಊರಿನಲ್ಲಿ ಆಗುವಷ್ಟು ಕಪ್ಪು ನಮ್ಮ ಏಪ್ರಿಲ್ ಮಧ್ಯಾಹ್ನ ಆಗುವುದಿಲ್ಲ. ಡಿಸೆಂಬರಿನಲ್ಲಿ ನನ್ನ ಲೆನ್ಸ್ ಇದಕ್ಕಿಂತ ಗಾಢವಾಗಿತ್ತು. ಕಂಪನಿಯ ಚಿತ್ರದಲ್ಲಿ ಕಾಣುವ ಕಪ್ಪನ್ನು ಕರಾವಳಿಯ ಬೇಸಿಗೆಯಲ್ಲಿ ನಿರೀಕ್ಷಿಸಬೇಡಿ.

ಕೂಲಿಂಗ್ ಗ್ಲಾಸಿಗೆ ಈ ಯಾವ ತಕರಾರೂ ಇಲ್ಲ. ಬಣ್ಣ ಲೆನ್ಸಿನಲ್ಲೇ ಇದೆ, ಹೆಲ್ಮೆಟ್ ಒಳಗೂ ಅಷ್ಟೇ ಕಪ್ಪು. ನಾನು ಪೋಲರೈಸ್ಡ್ ಮಾಡಿಸಿದೆ. ಒದ್ದೆ ರಸ್ತೆಯ ಹೊಳಪು ಎಷ್ಟು ಇಳಿಯುತ್ತದೆ ಅಂದರೆ ಹೊಂಡದ ಅಂಚು ಕಾಣುತ್ತದೆ. ಸಂಜೆ ಹೊರಡುವಾಗ ನನ್ನದೊಂದು ಕ್ರಮ ಇದೆ. ಮೊದಲು ಹೆಲ್ಮೆಟ್ ಹಾಕಿ, ಗ್ಲಾಸು ಮೇಲೆತ್ತಿ, ಆಮೇಲೆ ಕನ್ನಡಕವನ್ನು ಮೆಲ್ಲ ಒಳಗೆ ಜಾರಿಸುವುದು. ಕಡ್ಡಿ ನೇರ ಮತ್ತು ತೆಳು ಇರುವ ಫ್ರೇಮ್ ಆಗಬೇಕು, ಬಾಗಿದ ದಪ್ಪ ಕಡ್ಡಿ ಕಿವಿಯ ಮೇಲೆ ಒತ್ತುತ್ತದೆ. ಮಲ್ಪೆಯ ಗಾಳಿಗೆ ಲೆನ್ಸ್ ಮೇಲೆ ಉಪ್ಪು ಕೂರುತ್ತದೆ. ಮೊದಲು ನಳ್ಳಿ ನೀರಿಗೆ ಹಿಡಿದು ಆಮೇಲೆ ಬಟ್ಟೆಯಲ್ಲಿ ಒರೆಸುತ್ತೇನೆ, ಒಣಗಿದ್ದನ್ನೇ ಉಜ್ಜಿದರೆ ಗೀರು ಬೀಳುತ್ತದೆ.

ತೊಂದರೆ ಇಲ್ಲ ಅಂತಲ್ಲ. ಮೊಬೈಲ್ ಒಂದು ಕೋನದಲ್ಲಿ ಹಿಡಿದರೆ ಪರದೆ ಕಪ್ಪಾಗುತ್ತದೆ. ಆಫೀಸಿನಲ್ಲಿ ತಡವಾದರೆ ಕತ್ತಲೆಯಲ್ಲಿ ಇದನ್ನು ಹಾಕಿ ಓಡಿಸುವ ಹಾಗೇ ಇಲ್ಲ, ಎರಡನೇ ಕನ್ನಡಕ ಬ್ಯಾಗಿನಲ್ಲಿ ಇರಲೇಬೇಕು. ಜೂನ್‌ನಿಂದ ಇದು ಬಹುಪಾಲು ಬಾಕ್ಸಿನಲ್ಲೇ. ಪವರ್ ಬದಲಾದರೆ ಎರಡು ಜೋಡಿಯ ಖರ್ಚು.

ಬಸ್ಸಿನಲ್ಲಿ ಹೋಗಿ, ನಡೆದು ತಿರುಗುವ ನನ್ನ ಅಕ್ಕನಿಗೆ ಫೋಟೋಕ್ರೋಮಿಕ್ ಒಂದೇ ಸಾಕು ಅಂದಿದ್ದೇನೆ, ಅವಳು ಖುಷಿಯಲ್ಲಿದ್ದಾಳೆ. ನನ್ನ ಲೆನ್ಸ್ ಈಗೀಗ ತಿಳಿಯಾಗಲು ಮೊದಲಿಗಿಂತ ಹೊತ್ತು ತೆಗೆದುಕೊಳ್ಳುತ್ತಿದೆ, ಒಳಗೆ ಬಂದರೂ ಸಣ್ಣ ಹಳದಿ ಛಾಯೆ ಉಳಿಯುತ್ತದೆ. ಬಳಸಿದಷ್ಟೂ ಬಣ್ಣದ ಅಣುಗಳು ಸವೆಯುವುದರಿಂದ ಹೀಗೆ. ಮುಂದಿನ ಸಲ ಪವರ್ ಪರೀಕ್ಷೆಗೆ ಹೋದಾಗ ಸಾದಾ ಲೆನ್ಸ್ ಹಾಕಿಸುತ್ತೇನೆ. ಉಳಿಯುವ ಎರಡು ಸಾವಿರದ ಹತ್ತಿರದ ಹಣ ಪೋಲರೈಸ್ಡ್ ಜೋಡಿಗೆ.