ಅಂಗಡಿಯವರಿಗೆ ಬಿಲ್ಲಿಂಗ್ ಆ್ಯಪ್ ವಿಡಿಯೋ: ಮೂರು ಸ್ಕ್ರಿಪ್ಟ್, ಯಾವುದು ಕೆಲಸ ಮಾಡ್ತು?

ಎಲೆಕ್ಟ್ರಿಕಲ್, ಹಾರ್ಡ್‌ವೇರ್ ಅಂಗಡಿಯವರಿಗಾಗಿ ಇರುವ ಒಂದು ಬಿಲ್ಲಿಂಗ್ ಆ್ಯಪ್‌ಗೆ ನಾನು 30 ಸೆಕೆಂಡಿನ ಮೂರು ಬಗೆಯ ಸ್ಕ್ರಿಪ್ಟ್ ಬರೆದು ಲಿಂಕ್ಡ್‌ಇನ್‌ನಲ್ಲಿ ಹಾಕಿ ನೋಡಿದೆ. ಈ ಅಂಗಡಿಯವರು ಅಲ್ಲಿರೋದು ಕಾಂಟ್ರಾಕ್ಟರುಗಳು, ಆಫೀಸಿನವರು ಸಿಗುತ್ತಾರೆ ಅಂತ. ಗಿರಾಕಿ ಇಲ್ಲದ ಎರಡು ನಿಮಿಷದಲ್ಲಿ ಫೋನ್ ನೋಡುತ್ತಾರೆ, ಅದೂ ಸೌಂಡ್ ಇಲ್ಲದೆ.

ಮೊದಲನೆಯದು ಎಲ್ಲರೂ ಬರೆಯುವ ಥರದ್ದು. ಲೋಗೋ, ಆಮೇಲೆ ಬಿಲ್, ಸ್ಟಾಕ್, ಜಿಎಸ್‌ಟಿ, ರಿಪೋರ್ಟ್ ಅಂತ ಒಂದೊಂದೇ ಸ್ಕ್ರೀನ್. ಕಂಪನಿಯವರಿಗೆ ತುಂಬಾ ಇಷ್ಟವಾಯಿತು. ಆದರೆ ಕಂಪ್ಯೂಟರಿನ ಸ್ಕ್ರೀನನ್ನು ಫೋನಿನಲ್ಲಿ ತೋರಿಸಿದರೆ ಒಂದು ಅಂಕಿಯೂ ಓದೋಕಾಗಲ್ಲ, ವಿವರವೆಲ್ಲ ಧ್ವನಿಯಲ್ಲೇ ಇದ್ದರೆ ಮ್ಯೂಟ್‌ನಲ್ಲಿ ನೋಡುವವರಿಗೆ ಏನೂ ಉಳಿಯಲ್ಲ. ಎಷ್ಟು ಜನ ಕಾಲುಭಾಗ, ಅರ್ಧಭಾಗ ನೋಡಿದರು ಅಂತ ಜಾಹೀರಾತಿನ ವರದಿಯಲ್ಲಿ ಕಾಣುತ್ತದೆ. ಇದರಲ್ಲಿ ಕಾಲುಭಾಗಕ್ಕೇ ಹೆಚ್ಚಿನವರು ಹೋಗಿಬಿಟ್ಟಿದ್ದರು.

ಎರಡನೆಯದರಲ್ಲಿ ಒಂದೇ ಕೆಲಸ: ಉದ್ರಿ ವಸೂಲಿ. ಇದು ನನಗೆ ಎಲ್ಲಕ್ಕಿಂತ ಇಷ್ಟ. ಮೊದಲ ಮೂರು ಸೆಕೆಂಡು ಲೋಗೋ ಇಲ್ಲ, ಮಾತಿಲ್ಲ. ಉದ್ರಿ ಪುಸ್ತಕದ ಒಂದು ಸಾಲಿನ ಮೇಲೆ ಬೆರಳು, ಕೆಳಗೆ ದಪ್ಪ ಅಕ್ಷರದಲ್ಲಿ "ವೈರಿಂಗ್ ಮಂಜಣ್ಣ, ₹8,400, ಎರಡು ತಿಂಗಳಾಯ್ತು". ಆಮೇಲೆ ಆ್ಯಪ್‌ನಲ್ಲಿ ಅದೇ ಹೆಸರು ಒತ್ತುತ್ತಾರೆ, ಬಿಲ್ಲು ಮತ್ತು ಯುಪಿಐ ಲಿಂಕ್ ವಾಟ್ಸಾಪ್‌ಗೆ ಹೋಗುತ್ತದೆ. ಕೊನೆಗೆ ₹4,000 ಜಮಾ, ಬಾಕಿ ₹4,400.

ಈ ಬಾಕಿಯನ್ನು ಬೇಕಂತಲೇ ಇಟ್ಟಿದ್ದು. ಒಂದೇ ಮೆಸೇಜಿಗೆ ಪೂರ್ತಿ ಹಣ ಬಂತು ಅಂದರೆ ಉದ್ರಿ ಕೊಟ್ಟು ಪಳಗಿದ ಯಾವ ಅಂಗಡಿಯವರೂ ನಂಬಲ್ಲ, ಅಲ್ವಾ? ಅರ್ಧ ಬಂದು ಅರ್ಧ ಉಳಿದಾಗ ಲೆಕ್ಕ ತಾನಾಗೇ ಸರಿಹೋಗುತ್ತದಾ ಅನ್ನೋದೇ ಅವರ ನಿಜವಾದ ಪ್ರಶ್ನೆ. ಕಾಮೆಂಟ್‌ಗಳಲ್ಲೂ ಅದನ್ನೇ ಕೇಳಿದರು: "ಹಳೇ ಬಾಕಿ ಹಾಕಿಕೊಳ್ಳಬಹುದಾ?", "ಜಿಎಸ್‌ಟಿ ಇಲ್ಲದ ಬಿಲ್ಲಿಗೂ ಆಗುತ್ತಾ?" ಇಂಥ ಪ್ರಶ್ನೆ ಬಂದರೆ ಕೊಳ್ಳುವವರು ನೋಡುತ್ತಿದ್ದಾರೆ ಅಂತ ಅರ್ಥ. ಮೊದಲನೆಯದಕ್ಕೆ ಬಂದದ್ದು ಸಾಫ್ಟ್‌ವೇರ್ ಕಡೆಯವರ ಅಭಿನಂದನೆಗಳೇ ಜಾಸ್ತಿ.

ಒಂದು ಮಿತಿ ಇದೆ. ಬರೀ ನಗದು ವ್ಯಾಪಾರ ಮಾಡುವವರಿಗೆ ಇದು ತಟ್ಟಲ್ಲ, ಅವರಿಗೆ ಸ್ಟಾಕಿನ ಬಗ್ಗೆ ಬೇರೆಯದೇ ಬರೆಯಬೇಕು.

ಮೂರನೆಯದರಲ್ಲಿ ಒಬ್ಬ ಅಂಗಡಿ ಮಾಲೀಕರೇ ಗಲ್ಲಾ ಮುಂದೆ ಕೂತು ಮಾತಾಡುತ್ತಾರೆ. ಮೊದಲ ಸಲ ನೋಡುವವರು ಬೇಗ ದಾಟಿ ಹೋದರು. ಡೆಮೊ ನೋಡಿ ಸುಮ್ಮನಾಗಿದ್ದವರಿಗೆ ಕಳಿಸಿದಾಗ ಮಾತ್ರ ಚೆನ್ನಾಗಿ ಕೆಲಸ ಮಾಡಿತು, ಅದರಲ್ಲೂ "ಹುಡುಗನಿಗೆ ಕಲಿಸೋಕೆ ಎಷ್ಟು ಹೊತ್ತು ಹಿಡೀತು" ಅನ್ನುವ ಭಾಗ.

ಒಂದೇ ವಿಡಿಯೋಗೆ ದುಡ್ಡಿದ್ದರೆ ಎರಡನೆಯದನ್ನೇ ತೆಗೆಯಿರಿ. ಮಾತು 55 ಪದ ದಾಟದಿರಲಿ, ಎಲ್ಲ ಮಾತೂ ಸ್ಕ್ರೀನಿನ ಮೇಲೆ ಕನ್ನಡದಲ್ಲಿ ಬರಲಿ, ಕೊನೆಯಲ್ಲಿ ಫೋನ್ ನಂಬರು, ವೆಬ್‌ಸೈಟು ಎರಡನ್ನೂ ತುರುಕದೆ "ಉದ್ರಿ ಅಂತ ಕಾಮೆಂಟ್ ಮಾಡಿ" ಅಂತಷ್ಟೇ ಕೇಳಿ.