ಬಿಲ್ಲೆ ಕರ್ಪೂರವೋ, ಭೀಮಸೇನಿಯೋ?

ವರಮಹಾಲಕ್ಷ್ಮಿ ಹಬ್ಬದ ಮಾರನೆಯ ದಿನ ಆರತಿ ತಟ್ಟೆ ಉಜ್ಜುತ್ತ ಕೂತಾಗಲೇ ಬಿಲ್ಲೆ ಕರ್ಪೂರಕ್ಕೊಂದು ನಮಸ್ಕಾರ ಹಾಕಿಬಿಟ್ಟೆ. ಈಗ ನಮ್ಮನೆಯಲ್ಲಿ ಭೀಮಸೇನಿ ಹರಳು ಮಾತ್ರ.

ಹಬ್ಬಕ್ಕೆಂದು ಅಗ್ಗಕ್ಕೆ ಸಿಕ್ಕ ದೊಡ್ಡ ಪ್ಯಾಕೆಟ್ ತಂದಿದ್ದೆ. ತಟ್ಟೆಯ ತುಂಬ ಜಿಡ್ಡುಜಿಡ್ಡಾದ ಕಪ್ಪು ಪದರ. ಹುಣಿಸೆಹಣ್ಣು ಹಾಕಿ ಎಷ್ಟು ತಿಕ್ಕಿದರೂ ಜಗ್ಗಲಿಲ್ಲ. ಹುಣಿಸೆಹುಳಿ ಹಿತ್ತಾಳೆಯ ಕಿಲುಬು ತೆಗೆಯುತ್ತದೆಯೇ ಹೊರತು ಮೇಣವನ್ನಲ್ಲ. ಕೊನೆಗೆ ಕುದಿಯುವ ನೀರು ಸುರಿದಾಗ ಬಿಟ್ಟಿತು.

ಅನುಮಾನ ಬಂದು ಎರಡು ಹಳೇ ಸ್ಟೀಲ್ ಚಮಚ ತೆಗೆದುಕೊಂಡೆ. ಒಂದರಲ್ಲಿ ಬಿಲ್ಲೆ, ಇನ್ನೊಂದರಲ್ಲಿ ಅಷ್ಟೇ ಗಾತ್ರದ ಭೀಮಸೇನಿ ಹರಳು ಇಟ್ಟು ಹಚ್ಚಿದೆ. ಹರಳು ಉರಿದು ಮುಗಿದ ಮೇಲೆ ಬರೀ ಮಸಿ ಉಳಿಯಿತು. ಬಿಲ್ಲೆಯ ಚಮಚದಲ್ಲಿ ಒಂದು ಹನಿ ಎಣ್ಣೆಯಂಥದ್ದು ನಿಂತು, ಆರಿದ ಮೇಲೆ ಮೇಣದಬತ್ತಿಯ ಹಾಗೆ ಗಟ್ಟಿಯಾಯಿತು. ಕರ್ಪೂರ ತೆರೆದಿಟ್ಟರೆ ಗಾಳಿಯಲ್ಲಿ ಪೂರ್ತಿ ಕರಗಿಹೋಗಬೇಕು. ಮೇಣ ಬೆರೆತದ್ದಾದರೆ ಸಿಪ್ಪೆಯಂಥದ್ದೇನೋ ಉಳಿದುಕೊಳ್ಳುತ್ತದೆ.

ಹಾಗೆಂದು ಬಿಲ್ಲೆಗಳೆಲ್ಲ ಕೆಟ್ಟವಲ್ಲ, ಭೀಮಸೇನಿ ಎಂಬ ಹೆಸರಿದ್ದ ಮಾತ್ರಕ್ಕೆ ಮರದಿಂದ ಬಂದದ್ದೂ ಅಲ್ಲ. ಟರ್ಪೆಂಟೈನ್‌ನಿಂದ ತಯಾರಿಸಿದ್ದೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಎರಡರ ಘಾಟೂ ಒಂದೇ, ಮೂಗಿಗೆ ಚುಚ್ಚುವಂಥದ್ದು. ಡಬ್ಬಿಗೆ ಮೆಣಸಿನಕಾಳು ಹಾಕಿದರೆ ಕರಗುವುದಿಲ್ಲ ಅನ್ನುತ್ತಾರೆ, ನಾನೂ ಹಾಕುತ್ತೇನೆ. ಆದರೆ ಉಳಿಸುವುದು ಬಿಗಿಯಾದ ಮುಚ್ಚಳ.

ಬಿಲ್ಲೆಯ ಮೇಲೆ ನನಗಿರುವ ಇನ್ನೊಂದು ಸಿಟ್ಟು ಅದರ ರೂಪದ ಮೇಲೆ. ನೋಡಲು ಥೇಟ್ ಪೆಪ್ಪರ್‌ಮಿಂಟ್. ತಂಗಿಯ ಎರಡು ವರ್ಷದ ಮಗ ದೇವರ ಮನೆಯಿಂದ ಒಂದನ್ನು ಹಿಡಿದು ಬಾಯಿಯ ಹತ್ತಿರ ಒಯ್ದಿದ್ದ, ಪುಣ್ಯಕ್ಕೆ ಅವಳು ನೋಡಿದಳು. ಅಷ್ಟು ಚಿಕ್ಕ ಮಕ್ಕಳಿಗೆ ಒಂದೆರಡು ಬಿಲ್ಲೆ ಹೊಟ್ಟೆಗೆ ಹೋದರೂ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ನುಂಗಿದ್ದರೆ ವಾಂತಿ ಮಾಡಿಸಲು ಹೋಗಬಾರದು, ಪ್ಯಾಕೆಟ್ ಸಮೇತ ನೇರ ಆಸ್ಪತ್ರೆಗೆ ಓಡಬೇಕು. ಹರಳೂ ಅಷ್ಟೇ ವಿಷ, ಡಬ್ಬಿ ಈಗ ಮೇಲಿನ ಅಟ್ಟದಲ್ಲಿದೆ. ನೆಗಡಿಗೆ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಎದೆಗೆ ಹಚ್ಚುವ ಅಮ್ಮನ ಮದ್ದನ್ನೂ ಎರಡು ವರ್ಷದೊಳಗಿನ ಕೂಸಿಗೆ ಬಿಟ್ಟಿದ್ದೇವೆ, ಚರ್ಮದಿಂದಲೂ ಒಳಗೆ ಇಳಿಯುತ್ತದೆ. ಮೂರ್ಛೆರೋಗ ಇರುವವರು, ಬಸುರಿಯರು ಇದನ್ನು ಮದ್ದೆಂದು ಬಾಯಿಗೆ ಹಾಕಲೇಬಾರದು. ಉಬ್ಬಸದವರು ಮಂಗಳಾರತಿ ಹೊತ್ತಿಗೆ ಕಿಟಕಿ ಪಕ್ಕ ನಿಂತರೆ ಒಳ್ಳೆಯದು.

ತೀರ್ಥಕ್ಕೆ ಹಾಕುವ ಪಚ್ಚಕರ್ಪೂರ ಬೇರೆಯೇ. ಅದನ್ನೂ ಸಾಸಿವೆ ಕಾಳಿನಷ್ಟೇ ಹಾಕುತ್ತೇನೆ.

ಭೀಮಸೇನಿ ದುಬಾರಿ, ನಿಜ. ನನ್ನದು ಶುಕ್ರವಾರದ ಮಂಗಳಾರತಿ ಮಾತ್ರ, ಪುಟ್ಟ ಡಬ್ಬಿ ತಿಂಗಳುಗಟ್ಟಲೆ ಬರುತ್ತದೆ. ದಿನಕ್ಕೆರಡು ಹೊತ್ತು ಬೆಳಗುವ ನಮ್ಮತ್ತೆಗೆ ಬಿಲ್ಲೆಯೇ ಬೇಕು, ಎಣಿಸಿ ಹಚ್ಚಬಹುದಂತೆ. ಹೊಸ ಪ್ಯಾಕೆಟ್ ಬಂದಾಗಲೆಲ್ಲ ಮೊದಲ ಬಿಲ್ಲೆಯನ್ನು ಚಮಚದಲ್ಲಿ ಹಚ್ಚಿ ನೋಡುವುದನ್ನು ಮಾತ್ರ ಈಗ ಅವರೂ ಕಲಿತಿದ್ದಾರೆ.