ಸಾರಿನ ಪುಡಿಯ ನಿಜವಾದ ಪೈಪೋಟಿ ಸೂಟ್‌ಕೇಸಿನ ಜೊತೆ: ಇಂಗ್ಲೆಂಡಿನ ಮನೆಯೊಂದರ ದೀರ್ಘ ಬಳಕೆಯ ವಿಮರ್ಶೆ

ಹಳೇ ಮೈಸೂರು ಕಡೆಯ ಸಣ್ಣ ಕಂಪನಿಯೊಂದರ ಸಾರಿನ ಪುಡಿ, ಹುಳಿ ಪುಡಿ, ಬಿಸಿಬೇಳೆಬಾತ್ ಪುಡಿ ಮತ್ತು ವಾಂಗಿಬಾತ್ ಪುಡಿಗಳು 2018ರಲ್ಲಿ ಇಂಗ್ಲೆಂಡಿನ ಅಂಗಡಿಗಳಿಗೆ ಬಂದವು. ರೆಡಿಂಗ್ ಪಟ್ಟಣದಲ್ಲಿರುವ ನಮ್ಮ ಮನೆಯಲ್ಲಿ ಅಂದಿನಿಂದಲೂ ಅವುಗಳ ಬಳಕೆಯಿದೆ. ಕಂಪನಿಯ ಹೆಸರನ್ನು ಬೇಕೆಂದೇ ಬರೆದಿಲ್ಲ, ಏಕೆಂದರೆ ಮುಂದೆ ಹೇಳುವ ದೂರುಗಳು ಇದೇ ದಾರಿ ಹಿಡಿದ ಬೇರೆ ಸಣ್ಣ ಕಂಪನಿಗಳಿಗೂ ಸಲ್ಲುತ್ತವೆ. ಒಟ್ಟಾರೆ ಅಭಿಪ್ರಾಯ ಇಷ್ಟು: ಪುಡಿ ಚೆನ್ನಾಗಿದೆ, ವಲಸೆ ಬಂದ ಮನೆಗಳನ್ನೇ ಮೊದಲ ಗಿರಾಕಿಗಳೆಂದು ಆರಿಸಿಕೊಂಡದ್ದೂ ಸರಿ, ಆದರೆ ಆ ಮನೆಗಳು ವರ್ಷದ ಯಾವ ತಿಂಗಳಲ್ಲಿ ಏನನ್ನು ಕೊಳ್ಳುತ್ತವೆ ಎಂಬುದನ್ನು ಕಂಪನಿ ತಡವಾಗಿ ಅರ್ಥಮಾಡಿಕೊಂಡಿತು.

ನಮ್ಮಂಥವರಿಗೆ ಹುಳಿ ಪುಡಿ ಎಂದರೇನು, ಎಷ್ಟು ಚಮಚ ಹಾಕಬೇಕು, ಯಾವಾಗ ಹಾಕಬೇಕು ಎಂದು ಯಾರೂ ಕಲಿಸಬೇಕಾಗಿಲ್ಲ. ಜಾಹೀರಾತಿಗೆ ಹಣ ಸುರಿಯದೆ, ಕನ್ನಡ ಸಂಘದ ಯುಗಾದಿ ಊಟಕ್ಕೆ ಬಿಸಿಬೇಳೆಬಾತ್ ಪುಡಿ ಒದಗಿಸಿ, ಬಂದವರ ಕೈಗೆ ಸಣ್ಣ ಪೊಟ್ಟಣ ಕೊಟ್ಟು ಕಳುಹಿಸಿದ್ದೇ ಕಂಪನಿಯ ಮೊದಲ ಪ್ರಚಾರವಾಗಿತ್ತು. ಅದು ಕೆಲಸ ಮಾಡಿತು. ಆದರೆ ಕಲಿಸಬೇಕಾಗಿಲ್ಲದ ಗಿರಾಕಿಯನ್ನು ಒಪ್ಪಿಸುವುದೂ ಸುಲಭವಲ್ಲ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ, ಹುರಿದ ಕೊತ್ತಂಬರಿ ಬೀಜದ ಘಮ, ಹದ ಮೀರಿದರೆ ಕಹಿಯಾಗುವ ಮೆಂತ್ಯ, ಇವನ್ನೆಲ್ಲ ಅಮ್ಮನ ಪುಡಿಯೊಡನೆ ಹೋಲಿಸಿ ನೋಡುವವರೇ ಈ ಗಿರಾಕಿಗಳು. ಇವರು ಒಂದೇ ಗುಂಪೂ ಅಲ್ಲ. ನಮ್ಮ ಮನೆಯ ಹುಳಿ ಪುಡಿಯಲ್ಲಿ ಚಕ್ಕೆ ಇರಲೇಬೇಕು, ಮಂಗಳೂರು ಕಡೆಯ ಗೆಳತಿಗೆ ಅದು ಆಗದು, ಧಾರವಾಡದ ಮನೆಗಳಿಗೆ ಬೇಕಾದದ್ದು ಮಸಾಲೆ ಖಾರ ಮತ್ತು ಗುರೆಳ್ಳು ಚಟ್ನಿಪುಡಿ. ಹೊರಗಿನಿಂದ ದೊಡ್ಡದಾಗಿ ಕಾಣುವ ಕನ್ನಡಿಗರ ಮಾರುಕಟ್ಟೆಯು ಒಳಗೆ ಹೀಗೆ ಸಣ್ಣ ಸಣ್ಣ ತುಂಡುಗಳಾಗಿ ಒಡೆಯುತ್ತದೆ.

ಕಂಪನಿಯ ನಿಜವಾದ ಪ್ರತಿಸ್ಪರ್ಧಿ ಪಕ್ಕದ ಕಪಾಟಿನಲ್ಲಿರುವ ಇನ್ನೊಂದು ಬ್ರ್ಯಾಂಡ್ ಅಲ್ಲ, ಊರಿನಿಂದ ಬರುವ ಸೂಟ್‌ಕೇಸ್. ಇಲ್ಲಿನ ಶಾಲೆಗಳಿಗೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಆರಂಭದವರೆಗೆ ರಜೆ. ಮಕ್ಕಳಿರುವ ಮನೆಗಳು ಆಗ ಊರಿಗೆ ಹೋಗಿ, ತಾಯಿಯೋ ಅತ್ತೆಯೋ ಹುರಿದು ಗಿರಣಿಯಲ್ಲಿ ಬೀಸಿಸಿದ ಪುಡಿಯನ್ನು ಕಿಲೋಗಟ್ಟಲೆ ಕಟ್ಟಿಕೊಂಡು ಹಿಂದಿರುಗುತ್ತವೆ. ಅದು ಮುಗಿಯುವವರೆಗೆ ಅಂಗಡಿಯ ಪುಡಿಯನ್ನು ಯಾರೂ ಕೇಳುವುದಿಲ್ಲ. ನಾವು ದಿನಸಿ ತರುವ ಗುಜರಾತಿ ಅಂಗಡಿಯವರು ಒಮ್ಮೆ, "ನಿಮ್ಮವರು ರಜೆ ಮುಗಿಸಿ ಬಂದ ಮೇಲೆ ಅಕ್ಕಿ, ಬೇಳೆ ಒಯ್ಯುತ್ತಾರೆ, ಪುಡಿಯ ಕಡೆ ತಿರುಗಿಯೂ ನೋಡುವುದಿಲ್ಲ, ಹೊಸ ವರ್ಷ ಕಳೆದ ಮೇಲೆ ಮತ್ತೆ ಕೇಳುತ್ತಾರೆ" ಎಂದಿದ್ದರು. ಕಂಪನಿ ಮಾತ್ರ ದಸರಾ, ದೀಪಾವಳಿಗೆ ಹೆಚ್ಚು ಮಾರಾಟವಾಗುತ್ತದೆಂದು ಎಣಿಸಿ ಸೆಪ್ಟೆಂಬರಿನಲ್ಲೇ ದೊಡ್ಡ ಸರಕು ಇಳಿಸುತ್ತಿತ್ತು. ಆ ಪೊಟ್ಟಣಗಳು ಚಳಿಗಾಲವಿಡೀ ಅಂಗಡಿಯ ದೀಪದ ಕೆಳಗೆ ಕುಳಿತಿದ್ದು, ಗಿರಾಕಿ ಮರಳುವ ಹೊತ್ತಿಗೆ ಹಳತಾಗಿರುತ್ತಿದ್ದವು.

ಹಳತಾದದ್ದನ್ನು ಗುರುತಿಸುವುದು ಕಷ್ಟವಲ್ಲ. ಚಿಟಿಕೆ ಪುಡಿಯನ್ನು ಅಂಗೈಯಲ್ಲಿ ಉಜ್ಜಿ ಮೂಸಿದಾಗ ಮೊದಲು ಕೊತ್ತಂಬರಿಯ ಘಮ ಬರಬೇಕು. ಅದರ ಎಣ್ಣೆ ಬೇಗ ಹಾರಿಹೋಗುವುದರಿಂದ ಹಳೆಯ ಪುಡಿಯಲ್ಲಿ ಮೆಂತ್ಯ ಮತ್ತು ಇಂಗಿನ ವಾಸನೆಯಷ್ಟೇ ಮುಂದಾಗಿರುತ್ತದೆ. ಬೆಳಕಿಗೆ ಬ್ಯಾಡಗಿಯ ಕೆಂಪು ಮಾಸಿ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಮೊದಲ ಪೊಟ್ಟಣಗಳಲ್ಲಿ ಪುಡಿ ಕಾಣಲೆಂದು ಪಾರದರ್ಶಕ ಕಿಟಕಿಯಿತ್ತು. ಆ ಕಿಟಕಿಯ ಹಿಂದಿನ ಪುಡಿ ಒಂದು ಬಣ್ಣ, ಒಳಗಿನದು ಇನ್ನೊಂದು ಬಣ್ಣವಾಗಿರುವುದನ್ನು ನಾನೇ ಕತ್ತರಿಸಿ ನೋಡಿದ್ದೇನೆ. ಈಗ ಒಳಪದರದಲ್ಲಿ ಅಲ್ಯೂಮಿನಿಯಂ ಇರುವ ಮುಚ್ಚಿದ ಪೊಟ್ಟಣ ಬರುತ್ತಿದೆ, ವ್ಯತ್ಯಾಸ ಸ್ಪಷ್ಟ. ಅರ್ಧ ಕಿಲೋ ಪೊಟ್ಟಣದ ಬದಲು 100 ಗ್ರಾಂ ಪೊಟ್ಟಣವನ್ನೇ ಹೆಚ್ಚು ತರಿಸುತ್ತಿರುವುದೂ ಒಳ್ಳೆಯದಾಯಿತು. ಸಾಗಣೆಯ ಲೆಕ್ಕದಲ್ಲಿ ದೊಡ್ಡ ಪೊಟ್ಟಣ ಅಗ್ಗವಿರಬಹುದು, ಆದರೆ ಊರಿನ ಪುಡಿ ಮುಗಿದು ಮುಂದಿನ ಪ್ರಯಾಣಕ್ಕೆ ಇನ್ನೂ ಕೆಲವು ತಿಂಗಳಿರುವ ಮನೆಗೆ ಬೇಕಾದದ್ದು ಆ ನಡುವಿನ ತಿಂಗಳುಗಳಿಗೆ ಸಾಲುವಷ್ಟು ಮಾತ್ರ.

ಲೇಬಲ್ಲಿನ ವಿಷಯದಲ್ಲಿ ನನ್ನದು ತಕರಾರೇ. ಬ್ರಿಟನ್ನಿನಲ್ಲಿ ಅಲರ್ಜಿ ತರುವ 14 ಪದಾರ್ಥಗಳನ್ನು ಸಾಮಗ್ರಿಗಳ ಪಟ್ಟಿಯಲ್ಲಿ ಎದ್ದು ಕಾಣುವಂತೆ ಮುದ್ರಿಸಬೇಕು. ಸಾಸಿವೆ ಮತ್ತು ಗೋಧಿ ಎರಡೂ ಅದರಲ್ಲಿ ಸೇರಿವೆ. ನಾವು ಅಡುಗೆಗೆ ಬಳಸುವ ಇಂಗಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಆರಂಭದ ಪೊಟ್ಟಣಗಳಲ್ಲಿ ಬರೀ "ಇಂಗು" ಎಂದಿತ್ತು. ಗೋಧಿ ಒಗ್ಗದವರೊಬ್ಬರು ನಮ್ಮ ಬಳಗದಲ್ಲಿದ್ದುದರಿಂದ ಈ ಬಗ್ಗೆ ಬರೆದು ಕೇಳಿದೆವು. ಉತ್ತರ ಬರಲಿಲ್ಲ, ಕೆಲವು ತಿಂಗಳ ನಂತರ ಆಮದುದಾರರ ಹೆಸರು, ವಿಳಾಸದ ಜೊತೆ ಗೋಧಿಯ ಉಲ್ಲೇಖವೂ ಇದ್ದ ಚೀಟಿ ಅಂಟಿಸಿಕೊಂಡು ಪೊಟ್ಟಣಗಳು ಬಂದವು. ಆ ಚೀಟಿಯನ್ನು ತಯಾರಿಕೆಯ ದಿನಾಂಕದ ಮೇಲೆಯೇ ಅಂಟಿಸುವ ಚಾಳಿ ಇನ್ನೂ ಹೋಗಿಲ್ಲ.

2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್‌ನ ಆಹಾರ ಸುರಕ್ಷತಾ ಕೇಂದ್ರವು ಭಾರತದ ಎರಡು ದೊಡ್ಡ ಬ್ರ್ಯಾಂಡುಗಳ ಕೆಲವು ಮಸಾಲೆಗಳಲ್ಲಿ ಎಥಿಲೀನ್ ಆಕ್ಸೈಡ್ ಪತ್ತೆಯಾಗಿದೆಯೆಂದು ಪ್ರಕಟಿಸಿದ ಮೇಲೆ ಬ್ರಿಟನ್ ಕೂಡ ಭಾರತದ ಮಸಾಲೆಗಳ ತಪಾಸಣೆಯನ್ನು ಬಿಗಿಗೊಳಿಸಿತು. ಸೂಕ್ಷ್ಮಜೀವಿಗಳನ್ನು ಕೊಲ್ಲಲು ಬಳಸುವ ಅನಿಲವಿದು. ಇಲ್ಲಿ ಮಸಾಲೆಯಲ್ಲಿ ಇದರ ಮಿತಿ ಕಿಲೋಗೆ 0.1 ಮಿಲಿಗ್ರಾಂ, ಅಮೆರಿಕದಲ್ಲಿ 7 ಮಿಲಿಗ್ರಾಂ. ಹೀಗಾಗಿ ನ್ಯೂಜೆರ್ಸಿಯ ಕನ್ನಡಿಗರಿಗೆ ಕಳುಹಿಸಿದ ಸರಕನ್ನೇ ಇಲ್ಲಿಗೂ ಕಳುಹಿಸಿದರಾಯಿತು ಎನ್ನುವಂತಿಲ್ಲ. ನಮ್ಮ ಕಂಪನಿ ಈಗ ಅನಿಲದ ಬದಲು ಹಬೆಯಿಂದ ಶುದ್ಧೀಕರಿಸುತ್ತಿರುವುದಾಗಿ ಪೊಟ್ಟಣದ ಮೇಲೆಯೇ ಬರೆಯುತ್ತದೆ. ಸಮಾಧಾನದ ಸಂಗತಿ. ಆದರೆ ಹಬೆ ಕೊಟ್ಟಾಗ ಪರಿಮಳದ ಎಣ್ಣೆಯೂ ಸ್ವಲ್ಪ ಕಳೆದುಹೋಗುತ್ತದೆ, ಸಾರಿನ ಪುಡಿಯಲ್ಲಿ ಜೀರಿಗೆ ಮೊದಲಿನಷ್ಟು ಮುಂದೆ ಬರುವುದಿಲ್ಲ. ನಾನು ಒಗ್ಗರಣೆಗೆ ಅರ್ಧ ಚಮಚ ಜೀರಿಗೆ ಹೆಚ್ಚು ಹಾಕಿ ಸರಿದೂಗಿಸುತ್ತೇನೆ.

ಕಳೆದ ವರ್ಷದಿಂದ ಸ್ಥಳೀಯ ಗಿರಾಕಿಗಳಿಗೆಂದು ಖಾರ ಕಡಿಮೆ ಮಾಡಿದ ಪುಡಿಯೂ ಬಂದಿದೆ. ಈ ಹೆಜ್ಜೆ ಹೊಸದಲ್ಲ. 1956ರಲ್ಲಿ ಕೀನ್ಯಾದಿಂದ ಲಂಡನ್ನಿಗೆ ಬಂದ ಪಾಠಕ್ ಕುಟುಂಬ ಮೊದಲು ಭಾರತೀಯರಿಗೆ ಮಾರುತ್ತ ಬೆಳೆದು, ಮುಂದೆ ಪಟಾಕ್ಸ್ ಹೆಸರಿನಲ್ಲಿ ಇಲ್ಲಿನ ಸೂಪರ್‌ಮಾರ್ಕೆಟ್‌ಗಳನ್ನೆಲ್ಲ ಸೇರಿತು. ನನ್ನ ಆಕ್ಷೇಪ ಹೊಸ ಪುಡಿಗಲ್ಲ, ಎರಡಕ್ಕೂ ಒಂದೇ ಬಣ್ಣದ ಪೊಟ್ಟಣ ಕೊಟ್ಟಿರುವುದಕ್ಕೆ. ಅವಸರದಲ್ಲಿ ತಂದರೆ ಹುಳಿ ಸಪ್ಪೆಯಾದ ಮೇಲೆಯೇ ತಿಳಿಯುವುದು.

ಈಗ ಯಾರಾದರೂ ಕೇಳಿದರೆ ಬಿಸಿಬೇಳೆಬಾತ್ ಪುಡಿಗೆ 5ಕ್ಕೆ 4.5 ಅಂಕ ಕೊಡುತ್ತೇನೆ. ಲವಂಗ, ಮರಾಠಿ ಮೊಗ್ಗು ಎರಡೂ ಹದವಾಗಿವೆ. ಹುಳಿ ಪುಡಿಗೆ 4, ಸಾರಿನ ಪುಡಿಗೆ 3.5. ವಾಂಗಿಬಾತ್ ಪುಡಿಯಲ್ಲಿ ಕೊಬ್ಬರಿ ಇರುವುದರಿಂದ ಬೇಗ ಕಮಟು ಹಿಡಿಯುತ್ತದೆ, ತಯಾರಾಗಿ ಆರು ತಿಂಗಳು ದಾಟಿದ್ದರೆ ಬೇಡ. ಫೆಬ್ರುವರಿಯ ನಂತರ ಬಂದ ಸರಕಿನಿಂದ, ಚೀಟಿಯನ್ನು ಎಬ್ಬಿಸಿ ದಿನಾಂಕ ನೋಡಿ, 100 ಗ್ರಾಮಿನದನ್ನೇ ಕೊಳ್ಳಿ.